ಎ ಖಾತಾ, ಬಿ ಖಾತಾ, ಇ-ಖಾತಾ: ಅಡ್ವಾನ್ಸ್ ಕೊಡೋಕೆ ಮುಂಚೆ ಏನು ನೋಡ್ಬೇಕು, ಬ್ಯಾಂಕ್ ಯಾಕೆ ಲೋನ್ ಆಗಲ್ಲ ಅನ್ನುತ್ತೆ

ನನ್ನ ಭಾಮೈದ ಮಾಗಡಿ ರೋಡ್ ಕಡೆ ಒಂದು ಮನೆ ನೋಡಿದ್ದ. 30x40 ಸೈಟು, ಕೆಳಗೊಂದು ಮೇಲೊಂದು ಮನೆ, 72 ಲಕ್ಷಕ್ಕೆ ಮಾತಾಯ್ತು. ಬ್ರೋಕರ್ ಹೇಳಿದ್ದು ಒಂದೇ ಮಾತು, "ಸಾರ್ ಇ-ಖಾತಾ ಆಗಿದೆ, ಟ್ಯಾಕ್ಸ್ ಕಟ್ಟಿದ್ದಾರೆ, ರಿಜಿಸ್ಟ್ರೇಷನ್‌ಗೆ ಏನೂ ತೊಂದ್ರೆ ಇಲ್ಲ." ಮೂರೂ ನಿಜಾನೇ. ಇವನು 5 ಲಕ್ಷ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡ್ಕೊಂಡ, ಆಮೇಲೆ 50 ಲಕ್ಷ ಲೋನಿಗೆ ಬ್ಯಾಂಕಿಗೆ ಹೋದ. ಸಂಬಳ ಸರಿ ಇದೆ, ಸಿಬಿಲ್ ಸ್ಕೋರ್ ಸರಿ ಇದೆ, ಹತ್ತು ದಿನ ಬಿಟ್ಟು ಬ್ಯಾಂಕಿನ ವಕೀಲರ ರಿಪೋರ್ಟ್ ಬಂತು: ಪ್ರಾಪರ್ಟಿ ಬಿ ಖಾತಾ, ಲೋನ್ ಕೊಡೋಕಾಗಲ್ಲ.

ಆಗ ನನಗೆ ಫೋನ್ ಮಾಡಿದ. "ಭಾವ, ಇ-ಖಾತಾ ಇದೆ ಅಂದ್ರಲ್ಲ, ಮತ್ತೆ ಬಿ ಖಾತಾ ಎಲ್ಲಿಂದ ಬಂತು?" ಈ ಪ್ರಶ್ನೇಲೇ ಇಡೀ ಗೊಂದಲ ಇದೆ, ಅದಕ್ಕೆ ಅಲ್ಲಿಂದಲೇ ಶುರು ಮಾಡ್ತೀನಿ. ನಾನು ಬರೀತಿರೋದು ಬೆಂಗಳೂರಲ್ಲಿ ಕಟ್ಟಿರೋ ಮನೆ ಅಥವಾ ಸೈಟನ್ನ ಲೋನ್ ಮಾಡಿ ತಗೊಳ್ಳೋರಿಗೆ, ಕೈಯಲ್ಲಿ ಪೂರ್ತಿ ಕ್ಯಾಶ್ ಇರೋರ ಕಥೆ ಬೇರೆ.

ಖಾತಾ ಅಂದ್ರೆ ಏನು, ಏನಲ್ಲ

ಖಾತಾ ಅಂದ್ರೆ ಪಾಲಿಕೆಯ ತೆರಿಗೆ ಲೆಕ್ಕದ ಪುಸ್ತಕದಲ್ಲಿ ಆ ಆಸ್ತಿಗೆ ಇರೋ ಒಂದು ಎಂಟ್ರಿ ಅಷ್ಟೇ. ಅಳತೆ ಎಷ್ಟು, ಕಟ್ಟಡ ಎಷ್ಟು ಚದರ ಅಡಿ, ತೆರಿಗೆ ಯಾರ ಹೆಸರಲ್ಲಿ ಕಟ್ಟಬೇಕು, ಇದು ಅದರಲ್ಲಿರುತ್ತೆ. ಮಾಲೀಕತ್ವ ಬರೋದು ಕ್ರಯಪತ್ರದಿಂದ, ಖಾತಾದಿಂದಲ್ಲ. ಹಾಗಾದ್ರೆ ಬ್ಯಾಂಕು ಖಾತಾ ಮೇಲೆ ಯಾಕಿಷ್ಟು ತಲೆ ಕೆಡಿಸ್ಕೊಳ್ಳುತ್ತೆ ಅಂದ್ರೆ, ಆಸ್ತಿ ಯಾವ ವಹಿಯಲ್ಲಿದೆ, ಅಂದ್ರೆ ಪಾಲಿಕೆಯ ಯಾವ ಪುಸ್ತಕದಲ್ಲಿದೆ ಅನ್ನೋದು ಅದರ ಹಿಂದಿನ ಕಥೆ ಹೇಳುತ್ತೆ.

2007ರಲ್ಲಿ ಬಿಬಿಎಂಪಿ ಆದಾಗ ಹಳೇ ಮಹಾನಗರ ಪಾಲಿಕೆ ಜೊತೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿದ್ವು. ಆ ಹಳ್ಳಿಗಳಲ್ಲಿ ಕೃಷಿ ಜಮೀನನ್ನ ವಸತಿಗೆ ಪರಿವರ್ತನೆ ಮಾಡಿಸದೆ, ಲೇಔಟ್ ಅಪ್ರೂವಲ್ ತಗೊಳ್ದೆ, ಸುಣ್ಣದ ಗೆರೆ ಹಾಕಿ ಕಲ್ಲು ನೆಟ್ಟು ಮಾರಿದ ಸೈಟುಗಳು ರಾಶಿ ರಾಶಿ ಇದ್ವು, ಜನ ಇವತ್ತಿಗೂ ರೆವಿನ್ಯೂ ಸೈಟ್ ಅಂತಾರಲ್ಲ, ಅವೇ. ಅಲ್ಲಿ ಮನೆ ಎದ್ದಿದೆ, ರೋಡಿದೆ, ಕರೆಂಟಿದೆ, ಪಾಲಿಕೆ ತೆರಿಗೆ ಬಿಡುತ್ತಾ? ಕಾನೂನು ಪ್ರಕಾರ ಇಲ್ಲದ ಆಸ್ತಿಯಿಂದಲೂ ತೆರಿಗೆ ತಗೋಬಹುದು, ಆದ್ರೆ ತೆರಿಗೆ ಕಟ್ಟಿದ್ದಾರೆ ಅಂತ ಅದು ಸಕ್ರಮ ಆಗಲ್ಲ, ಅದನ್ನ ಬೇರೆ ಪುಸ್ತಕದಲ್ಲೇ ಬರೀಬೇಕು. ಆ ಬೇರೆ ಪುಸ್ತಕಾನೇ ಬಿ-ವಹಿ. ಸರಿ ಇರೋವೆಲ್ಲ ಎ-ವಹಿ. ಅದನ್ನೇ ಬಾಯಿಮಾತಲ್ಲಿ ಎ ಖಾತಾ ಬಿ ಖಾತಾ ಅಂತೀವಿ.

ಇನ್ನು ಇ-ಖಾತಾ. ಇದು ಮೂರನೇ ಜಾತಿ ಅಲ್ಲ! ಮೊದಲು ಕೈಯಲ್ಲಿ ಬರೆದು ಸೀಲ್ ಒತ್ತಿ ಕೊಡ್ತಿದ್ದ ಖಾತಾನ ಈಗ ಕಂಪ್ಯೂಟರಲ್ಲಿ ಕೊಡ್ತಾರೆ, ಅದೇ ಇ-ಖಾತಾ. ಎ ಖಾತಾಗೂ ಇ-ಖಾತಾ ಇದೆ, ಬಿ ಖಾತಾಗೂ ಇ-ಖಾತಾ ಇದೆ. 2024ರ ಅಕ್ಟೋಬರಿಂದ ರಿಜಿಸ್ಟ್ರೇಷನ್‌ಗೆ ಇ-ಖಾತಾ ಕಡ್ಡಾಯ ಮಾಡಿದ್ಮೇಲೆ ಎಲ್ಲರೂ ಮಾಡಿಸ್ಕೊಂಡ್ರು, ಅವತ್ತಿಂದ ಬ್ರೋಕರ್‌ಗಳ ಬಾಯಲ್ಲಿ "ಇ-ಖಾತಾ ಪ್ರಾಪರ್ಟಿ" ಅನ್ನೋದು ಏನೋ ದೊಡ್ಡ ಸರ್ಟಿಫಿಕೇಟ್ ಥರ ಆಗೋಯ್ತು. ಬಿ ಖಾತಾ ಇರೋ ಆಸ್ತಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರೂ ಆಗುತ್ತೆ. ರಿಜಿಸ್ಟರ್ ಆಗೋದು ಬೇರೆ, ಲೋನ್ ಆಗೋದು ಬೇರೆ, ಇದನ್ನ ಜೋಡಿಸ್ಕೊಂಡೇ ನಮ್ಮ ಹುಡುಗ ಮೋಸ ಹೋದದ್ದು.

ಮೊದಲ ಕೆಲಸ: ಆ ಒಂದು ಅಕ್ಷರ ಹುಡುಕಿ

ಮಾರೋರ ಹತ್ರ ಟ್ಯಾಕ್ಸ್ ರಸೀದಿ ಕೇಳ್ಬೇಡಿ, ಅದು ಎ ಖಾತಾ ಇರೋರ ಹತ್ರಾನೂ ಇರುತ್ತೆ, ಬಿ ಖಾತಾ ಇರೋರ ಹತ್ರಾನೂ ಇರುತ್ತೆ. ಫೈನಲ್ ಇ-ಖಾತಾ ಪೂರ್ತಿ ಫೈಲ್ ಕೇಳಿ. ಪಾಲಿಕೆಯ ಇ-ಆಸ್ತಿ ಪೋರ್ಟಲ್ (bbmpeaasthi.karnataka.gov.in) ಇಂದ ಡೌನ್‌ಲೋಡ್ ಮಾಡಿದ ಪಿಡಿಎಫ್ ನೇರವಾಗಿ ವಾಟ್ಸಾಪ್ ಮಾಡ್ಲಿ, ಜೆರಾಕ್ಸ್ ಬೇಡ. ಡ್ರಾಫ್ಟ್ ಇ-ಖಾತಾ ಕೊಟ್ರೆ ತಗೋಬೇಡಿ, ಡ್ರಾಫ್ಟಿಂದ ರಿಜಿಸ್ಟ್ರೇಷನ್ನೂ ಆಗಲ್ಲ. ಫೈನಲ್‌ನಲ್ಲಿ ಇದು ಎ-ವಹಿಯದ್ದಾ ಬಿ-ವಹಿಯದ್ದಾ ಅಂತ ಬರೆದಿರುತ್ತೆ, ಅದನ್ನ ಕಣ್ಣಾರೆ ಓದಿ.

ಜೆರಾಕ್ಸ್ ಬೇಡ ಅಂತ ಯಾಕಂದೆ ಅಂದ್ರೆ ಭಾಮೈದನಿಗೆ ಕೊಟ್ಟಿದ್ದ ಪೇಪರ್ ನಾನು ನೋಡ್ದೆ. ಹಳೇ ಖಾತಾ ಸರ್ಟಿಫಿಕೇಟಿನ ಜೆರಾಕ್ಸು, ಮೇಲಿನ ಒಂದೂವರೆ ಇಂಚು ಇಲ್ಲವೇ ಇಲ್ಲ, ಮಷೀನಲ್ಲಿ ಸ್ವಲ್ಪ ಜಾರಿಸಿ ಇಟ್ಟಂಗೆ ಕಾಣ್ತಿತ್ತು. ಕೆಳಗಡೆ ಸೀಲು, ಸಹಿ, ಹೆಸರು, ಅಳತೆ ಎಲ್ಲ ಸ್ಪಷ್ಟ. ಬೇಕಂತಲೇ ಮಾಡಿದ್ರೋ ಇಲ್ವೋ ಗೊತ್ತಿಲ್ಲ, ಆದ್ರೆ "ಬಿ" ಅನ್ನೋ ಅಕ್ಷರ ಇದ್ದ ಜಾಗ ಅದೇ. ಆಮೇಲೆ ಒರಿಜಿನಲ್ ತರಿಸಿದಾಗ ತಲೆಬರಹದಲ್ಲೇ ಇತ್ತು.

ಊರಿನ ಹೊರಗೆ ಇನ್ನೂ ಗ್ರಾಮ ಪಂಚಾಯ್ತಿ ವ್ಯಾಪ್ತೀಲಿರೋ ಸೈಟಾದ್ರೆ ಎ-ಬಿ ಅನ್ನೋ ಮಾತಿರಲ್ಲ. ಅಲ್ಲಿ ಪಂಚಾಯ್ತಿ ಆಸ್ತಿಗಳಿಗೆ ಕಂಪ್ಯೂಟರಲ್ಲಿ ಕೊಡೋ ಇ-ಸ್ವತ್ತು ಫಾರಂ ನೋಡ್ಬೇಕು. ಫಾರಂ 9 ಜೊತೆ ಫಾರಂ 11ಎ ಇದ್ರೆ ಅದು ಗ್ರಾಮಠಾಣಾ, ಅಂದ್ರೆ ಹಳ್ಳಿಯ ಹಳೇ ವಸತಿ ಜಾಗ, ಅಥವಾ ಪರಿವರ್ತನೆ ಆಗಿ ಲೇಔಟ್ ಅಪ್ರೂವ್ ಆಗಿರೋ ಜಾಗ, ಲೋನಿಗೆ ಬ್ಯಾಂಕ್ ಪರಿಗಣಿಸುತ್ತೆ. ಫಾರಂ 11ಬಿ ಇದ್ರೆ ಅದು ಪಂಚಾಯ್ತಿಯ ಬಿ ಖಾತಾ ಅಂತಲೇ ತಿಳ್ಕೊಳಿ. ಕೈಬರಹದ ಪಂಚಾಯ್ತಿ ಖಾತೆ ತೋರಿಸಿ "ಇದೂ ಅದೇ ಸಾರ್" ಅಂದ್ರೆ ಅದು ಅದೇ ಅಲ್ಲ.

ಬ್ಯಾಂಕ್ ಯಾಕೆ ಬೇಡ ಅನ್ನುತ್ತೆ

ಮ್ಯಾನೇಜರ್‌ಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಗೃಹಸಾಲದ ಬಗ್ಗೆ ಆರ್‌ಬಿಐ ಬ್ಯಾಂಕುಗಳಿಗೆ ಕೊಟ್ಟಿರೋ ಸೂಚನೆಯಲ್ಲಿ ಮೂರು ಮಾತಿದೆ, ಅವೇ ಅವರ ಕೈ ಕಟ್ಟೋದು. ಸೈಟಲ್ಲಿ ಮನೆ ಕಟ್ಟೋಕೆ ಸಾಲ ಕೇಳಿದ್ರೆ ಮಂಜೂರಾದ ಪ್ಲ್ಯಾನ್ ಪ್ರತಿ ತಗೋಬೇಕು. ಕಟ್ಟಿದ ಮನೆ ಕೊಳ್ಳೋದಾದ್ರೆ ಅದು ಮಂಜೂರಾದ ಪ್ಲ್ಯಾನ್ ಅಥವಾ ಬೈಲಾ ಪ್ರಕಾರ ಕಟ್ಟಿದೆ ಅಂತ ಕೊಳ್ಳೋರಿಂದ ಅಫಿಡವಿಟ್ ತಗೋಬೇಕು. ಮೂರನೇದು, ಅನಧಿಕೃತ ಬಡಾವಣೆ ಅನ್ನೋ ಗುಂಪಿಗೆ ಬರೋ ಆಸ್ತಿಗೆ, ಅದು ಸಕ್ರಮ ಆಗಿ ಅಭಿವೃದ್ಧಿ ಶುಲ್ಕ ಎಲ್ಲ ಕಟ್ಟೋ ತನಕ ಸಾಲ ಕೊಡಲೇಬಾರದು.

ಈಗ ಬಿ ಖಾತಾ ಮನೆ ತಗೊಳಿ. ಪರಿವರ್ತನೆ ಇಲ್ಲ, ಲೇಔಟ್ ಅಪ್ರೂವಲ್ ಇಲ್ಲ, ಅದಕ್ಕೇ ಬಿ-ವಹಿಗೆ ಹೋಗಿದೆ. ಬಿ-ವಹಿಯಲ್ಲಿರೋ ಸೈಟಿಗೆ ಪಾಲಿಕೆ ಪ್ಲ್ಯಾನ್ ಮಂಜೂರು ಮಾಡ್ತಿರ್ಲಿಲ್ಲ. ಪ್ಲ್ಯಾನ್ ಇಲ್ದೆ ಕಟ್ಟಿದ ಮನೆಗೆ, ಇದರಲ್ಲಿ ವಾಸ ಮಾಡಬಹುದು ಅಂತ ಕೊಡೋ ಸ್ವಾಧೀನಾನುಭವ ಪತ್ರ, ಅದೇ ಓಸಿ ಅಂತೀವಲ್ಲ, ಅದು ಎಲ್ಲಿಂದ ಬರಬೇಕು? ಒಂದು ಕೊಂಡಿ ಕಳಚಿದ್ರೆ ಸಾಲಾಗಿ ಎಲ್ಲವೂ ಕಳಚ್ಕೊಳ್ಳುತ್ತೆ. ಅದರ ಮೇಲೆ 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಅನಧಿಕೃತ ಕಟ್ಟಡಗಳ ಒಂದು ಕೇಸಲ್ಲಿ, ಕಟ್ಟಡದ ಮೇಲೆ ಸಾಲ ಕೊಡೋಕೆ ಮುಂಚೆ ಪೂರ್ಣತಾ ಪತ್ರ ಅಥವಾ ಓಸಿ ನೋಡ್ಲೇಬೇಕು ಅಂತ ಬ್ಯಾಂಕುಗಳಿಗೆ ಹೇಳ್ತು. ಅಲ್ಲಿಂದ ಬ್ಯಾಂಕಿನ ವಕೀಲರು ಇನ್ನೂ ಹುಷಾರಾದ್ರು.

ಇದರ ಜೊತೆ ಒಂದು ವ್ಯಾಪಾರದ ಲೆಕ್ಕ ಇದೆ. ನೀವು ಕಂತು ಕಟ್ಟಲಿಲ್ಲ ಅಂದ್ರೆ ಬ್ಯಾಂಕು ಸರ್ಫೇಸಿ ಕಾಯ್ದೆಯಲ್ಲಿ ಮನೆ ಹರಾಜು ಹಾಕ್ಬೇಕು. ಹರಾಜಲ್ಲಿ ಕೊಳ್ಳೋನೂ ಸಾಮಾನ್ಯವಾಗಿ ಲೋನ್ ಮಾಡಿಯೇ ಕೊಳ್ಳೋನು, ಅವನಿಗೂ ಇದೇ ಬಾಗಿಲು ಮುಚ್ಚಿರುತ್ತೆ. ಅಂದ್ರೆ ಕ್ಯಾಶ್ ಇರೋರು ಮಾತ್ರ ಬರ್ತಾರೆ, ಅವರು ರೇಟು ಕೆಡವಿ ಕೇಳ್ತಾರೆ. ನಾಳೆ ನೀವು ಮಾರೋಕೆ ಹೋದ್ರೂ ಇದೇ ಗತಿ, ಬ್ಯಾಂಕಿನ ಭಯ ನಿಮ್ಮ ಭಯಾನೂ ಆಗಬೇಕು.

ಎ ಖಾತಾ ಇದ್ರೂ ಲೋನ್ ನಿಲ್ಲೋದು ಯಾವಾಗ

ಎ ಖಾತಾ ಅಂದ್ರೆ ಮುಗೀತು ಅಂತ ಅನ್ಕೋಬೇಡಿ. ಬಿ ಇರಬೇಕಾದದ್ದು ಹೇಗೋ ಎ-ವಹಿಗೆ ಹತ್ತಿಕೊಂಡಿರೋ ಆಸ್ತಿಗಳೂ ಇದಾವೆ, ಬ್ಯಾಂಕಿನ ವಕೀಲರಿಗೆ ಇದು ಗೊತ್ತು, ಅದಕ್ಕೆ ಅವರು ಖಾತಾ ನೋಡಿ ಸುಮ್ಮನಾಗಲ್ಲ, ಅದರ ಬೇರು ಹುಡುಕ್ತಾರೆ. ಅವರು ಕೇಳೋ ಪೇಪರ್‌ಗಳನ್ನ ನೀವು ಮೊದಲೇ ಕೇಳಿದ್ರೆ ಆಯ್ತು. ಸರ್ವೆ ನಂಬರ್ ಕೃಷಿಯಿಂದ ವಸತಿಗೆ ಪರಿವರ್ತನೆ ಆದ ಡಿಸಿ ಆದೇಶ, ಲೇಔಟ್ ಅಪ್ರೂವ್ ಆದ ನಕ್ಷೆ, ಅದರಲ್ಲಿ ನಿಮ್ಮ ಸೈಟ್ ನಂಬರ್ ಇರಬೇಕು, ಬೆಟರ್‌ಮೆಂಟ್ ಚಾರ್ಜ್, ಅಂದ್ರೆ ಸುಧಾರಣಾ ಶುಲ್ಕ, ಕಟ್ಟಬೇಕಿದ್ದ ಜಾಗ ಆದ್ರೆ ಅದರ ರಸೀದಿ, ಕಟ್ಟಡದ ಮಂಜೂರಾದ ಪ್ಲ್ಯಾನು, ಮೂಲ ಪತ್ರದಿಂದ ಇವತ್ತಿನ ತನಕ ಕ್ರಯಪತ್ರಗಳ ಸರಪಳಿ, ಆಸ್ತಿ ಮೇಲಿನ ಸಾಲ, ಕ್ರಯ ಎಲ್ಲ ತೋರಿಸೋ ಇಸಿ, ಸಾಮಾನ್ಯವಾಗಿ 30 ವರ್ಷದ್ದು. ಬಿಡಿಎ ಹಂಚಿದ ಸೈಟಾದ್ರೆ ಈ ತಲೆನೋವಲ್ಲಿ ಅರ್ಧ ಇರಲ್ಲ, ಹಂಚಿಕೆ ಪತ್ರ, ಸ್ವಾಧೀನ ಪತ್ರ, ಶುದ್ಧ ಕ್ರಯಪತ್ರ ಸಾಕು.

ಎಲ್ಲಕ್ಕಿಂತ ಹೆಚ್ಚು ಸಿಕ್ಕಿ ಬೀಳೋದು ಅಳತೆ ಹೊಂದದೆ ಇರೋದ್ರಲ್ಲಿ. 40x60 ಸೈಟನ್ನ ಅಣ್ಣತಮ್ಮ ಅರ್ಧರ್ಧ ಮಾಡ್ಕೊಂಡು ಒಬ್ಬರು ಮಾರ್ತಿದ್ದಾರೆ ಅಂದ್ಕೊಳಿ. ಲೇಔಟ್ ನಕ್ಷೇಲಿ ಇರೋದು 40x60, ನಿಮಗೆ ಕೊಡ್ತಿರೋದು 30x40, ಆ ವಿಭಜನೆಗೆ ಪ್ರಾಧಿಕಾರದ ಒಪ್ಪಿಗೆ ಇಲ್ಲ. ಖಾತಾ ಎ ಅಂತಲೇ ಇರಬಹುದು, ಬ್ಯಾಂಕು ಮಾತ್ರ ಪ್ರಶ್ನೆ ಹಾಕುತ್ತೆ. ಅಪಾರ್ಟ್‌ಮೆಂಟಲ್ಲೂ ಇಂಥದ್ದೇ ಒಂದು, ಇಡೀ ಜಾಗಕ್ಕೆ ಎ ಖಾತಾ ಇದೆ ಅಂತ ಬಿಲ್ಡರ್ ತೋರಿಸ್ತಾರೆ, ನೀವು ಕೇಳ್ಬೇಕಾಗಿರೋದು ನಿಮ್ಮ ಫ್ಲ್ಯಾಟಿನ ನಂಬರಿಗೆ ಬೇರೆ ಖಾತಾ ಆಗಿದೆಯಾ, ಅದು ಯಾವ ವಹೀಲಿ ಇದೆ, ಮತ್ತೆ ಓಸಿ ಎಲ್ಲಿ ಅಂತ.

ಅಡ್ವಾನ್ಸ್‌ಗಿಂತ ಮುಂಚೆ ಬ್ಯಾಂಕು

ನಮ್ಮ ಕಡೆ ಕ್ರಮ ಉಲ್ಟಾ ಇದೆ. ಮನೆ ಇಷ್ಟ ಆಯ್ತು, ಬೇರೆಯವರು ಹೊತ್ಕೊಂಡು ಹೋಗ್ತಾರೆ ಅಂತ ಅಡ್ವಾನ್ಸ್ ಕೊಡೋದು, ಆಮೇಲೆ ಬ್ಯಾಂಕ್. ತಿರುಗಿಸಿ ಮಾಡಿ. ಎಲ್ಲ ಪೇಪರಿನ ಪ್ರತಿ ತಗೊಂಡು ನೀವು ಸಾಲ ಮಾಡ್ಬೇಕು ಅಂತಿರೋ ಬ್ಯಾಂಕಿನ ಪ್ಯಾನೆಲ್‌ನಲ್ಲಿರೋ ವಕೀಲರ ಹತ್ರ ಹೋಗಿ ಫೀಸ್ ಕೊಟ್ಟು ಲೀಗಲ್ ಒಪಿನಿಯನ್ ಬರೆಸಿ. ನಿಮ್ಮ ಪರಿಚಯದ ವಕೀಲರು ಎಷ್ಟೇ ಒಳ್ಳೆಯೋರಿರ್ಲಿ, ಅವರು ನೋಡೋದು ಟೈಟಲ್ ಸರಿ ಇದೆಯಾ ಅಂತ, ಬ್ಯಾಂಕಿನ ವಕೀಲರು ನೋಡೋದು ಬ್ಯಾಂಕಿನ ರೂಲಿಗೆ ಕೂರುತ್ತಾ ಅಂತ. ಭಾಮೈದ ಮೊದಲು ನಮ್ಮೂರಿನ ವಕೀಲರೊಬ್ಬರಿಗೆ ತೋರಿಸಿದ್ದ, ಅವರು "ಟೈಟಲ್ ಕ್ಲಿಯರ್ ಇದೆ ತಗೊಳಪ್ಪ" ಅಂದಿದ್ರು, ಅವರು ಹೇಳಿದ್ದೂ ತಪ್ಪಲ್ಲ. ಕ್ರಯಪತ್ರದ ಸರಪಳಿ ನಿಜವಾಗ್ಲೂ ಕ್ಲಿಯರ್ ಇತ್ತು. ಕೊರತೆ ಇದ್ದದ್ದು ಪರಿವರ್ತನೆ ಆದೇಶದಲ್ಲಿ.

ಅಷ್ಟು ಟೈಮಿಲ್ಲ, ಮಾರೋರು ಕಾಯಲ್ಲ ಅಂದ್ರೆ ಟೋಕನ್ ಅಂತ ಚಿಕ್ಕ ಮೊತ್ತ ಕೊಡಿ, ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸಿ. ಸುಮಾರು ಹೀಗಿರ್ಲಿ: "ಸದರಿ ಸ್ವತ್ತಿನ ಖಾತೆ, ಭೂಪರಿವರ್ತನೆ, ನಕ್ಷೆ ಅಥವಾ ಹಕ್ಕಿನ ದಾಖಲೆಗಳ ಕಾರಣದಿಂದ ಬ್ಯಾಂಕು ಸಾಲ ಮಂಜೂರು ಮಾಡಲು ನಿರಾಕರಿಸಿದಲ್ಲಿ, ಮುಂಗಡ ಹಣವನ್ನು ಯಾವುದೇ ಕಡಿತವಿಲ್ಲದೆ 15 ದಿನಗಳೊಳಗೆ ಖರೀದಿದಾರರಿಗೆ ಹಿಂದಿರುಗಿಸತಕ್ಕದ್ದು." ದಾಖಲೆಗಳ ಕಾರಣದಿಂದ ಅನ್ನೋದು ಮುಖ್ಯ, ಯಾಕಂದ್ರೆ ನಿಮ್ಮ ಸಂಬಳ ಸಾಲದೆ ಲೋನ್ ಆಗದಿದ್ರೆ ಅದನ್ನ ಮಾರೋರ ತಲೆಗೆ ಕಟ್ಟೋದು ನ್ಯಾಯ ಅಲ್ಲ, ಅವರು ಒಪ್ಪೋದೂ ಇಲ್ಲ. ಈ ಸಾಲು ಹಾಕೋಕೆ ಒಪ್ಪದೆ ಇರೋರು ತಮ್ಮ ಪೇಪರ್ ಬಗ್ಗೆ ತಮಗೇ ಏನೋ ಗೊತ್ತಿದೆ ಅಂತ ಅರ್ಥ, ಇದು ನನ್ನ ಅನುಭವದ ಮಾತು. ಭಾಮೈದನ ಅಗ್ರಿಮೆಂಟಲ್ಲಿ ಇದ್ದದ್ದು ಇದಕ್ಕೆ ಉಲ್ಟಾ: ಮೂರು ತಿಂಗಳಲ್ಲಿ ಬಾಕಿ ಕೊಡದಿದ್ರೆ ಅಡ್ವಾನ್ಸ್ ಮುಟ್ಟುಗೋಲು.

ಬಿ ಅಂತ ಗೊತ್ತಾಯ್ತು, ಈಗೇನು

ಮೊದಲು ಯಾಕೆ ಬಿ ಅಂತ ಕೇಳಿ. ಎಲ್ಲ ಬಿ ಖಾತಾನೂ ಒಂದೇ ಅಲ್ಲ. ಜಾಗ ಸ್ವಂತದ್ದು, ಟೈಟಲ್ ಸರಿ, ಬರೀ ಪರಿವರ್ತನೆ ಮತ್ತು ಲೇಔಟ್ ಅಪ್ರೂವಲ್ ಇಲ್ಲ ಅಂದ್ರೆ ಅದು ವಾಸಿಯಾಗೋ ಕಾಯಿಲೆ. ಸರ್ಕಾರಿ ಜಾಗ, ರಾಜಕಾಲುವೆ, ಬಿಡಿಎ ಸ್ವಾಧೀನಕ್ಕೆ ನೋಟಿಫೈ ಆದ ಸರ್ವೆ ನಂಬರು, ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಒಪ್ಪಿಗೆ ಇಲ್ದೆ ಕೈ ಬದಲಾಯಿಸಿದ್ದು, ಇವು ಇದ್ರೆ ಕೈ ಮುಗಿದು ಎದ್ದು ಬನ್ನಿ, ಅದು ಖಾತಾ ಪ್ರಶ್ನೆಯೇ ಅಲ್ಲ.

ವಾಸಿಯಾಗೋದಾದ್ರೆ, 2025ರಲ್ಲಿ ಸರ್ಕಾರ ಬೆಂಗಳೂರಿನ ಬಿ ಖಾತಾ ಸೈಟುಗಳನ್ನ ಎ ಖಾತಾಗೆ ಬದಲಾಯಿಸ್ಕೊಳ್ಳೋ ದಾರಿ ಮಾಡಿಕೊಡ್ತು, ಅರ್ಜಿ ಆನ್‌ಲೈನು, ಶುಲ್ಕ ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ಸರ್ಕಾರ ಆ ಜಾಗಕ್ಕೆ ಗೊತ್ತು ಮಾಡಿರೋ ಬೆಲೆ ಮೇಲೆ ಪರ್ಸೆಂಟೇಜ್ ಲೆಕ್ಕ. ಅಕ್ರಮ ಸೈಟು-ಕಟ್ಟಡಗಳನ್ನ ದಂಡ ಕಟ್ಟಿಸ್ಕೊಂಡು ಸಕ್ರಮ ಮಾಡೋ ಹಿಂದಿನ ಅಕ್ರಮ-ಸಕ್ರಮ ಯೋಜನೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು ನಿಂತಿತ್ತು, ಅದನ್ನೇ ನಂಬಿ "ನಾಳೆ ಸಕ್ರಮ ಆಗುತ್ತೆ" ಅಂತ ಕೊಂಡೋರು ವರ್ಷಗಟ್ಟಲೆ ಕಾದ್ರು. ಅದಕ್ಕೆ ನನ್ನ ಲೆಕ್ಕ ಏನಂದ್ರೆ, ಬದಲಾಯಿಸೋ ಕೆಲಸ ಮಾರೋರೇ, ಅವರ ಹೆಸರಲ್ಲೇ, ಅವರ ಖರ್ಚಲ್ಲೇ ಮಾಡಿ ಎ ಖಾತಾ ಕೈಗೆ ಬಂದ್ಮೇಲೆ ಕ್ರಯ. ಆ ಖರ್ಚು ನೀವು ಹಂಚ್ಕೊಳ್ಳೋದಾದ್ರೆ ರೇಟಲ್ಲಿ ಇಳಿಸ್ಕೊಳ್ಳಿ, ಆದ್ರೆ ಮೊದಲು ಕ್ರಯ ಆಮೇಲೆ ಖಾತಾ ಅನ್ನೋ ಮಾತಿಗೆ ಒಪ್ಬೇಡಿ. ಇನ್ನೊಂದು ವಿಷಯ, ಸೈಟು ಎ ಆದ ಮಾತ್ರಕ್ಕೆ ಪ್ಲ್ಯಾನ್ ಇಲ್ದೆ ಎದ್ದಿರೋ ಮನೆಗೆ ಪ್ಲ್ಯಾನ್ ಹುಟ್ಟಲ್ಲ. ಖಾಲಿ ಸೈಟಾದ್ರೆ ಸಮಸ್ಯೆ ಬಹುಪಾಲು ಅಲ್ಲಿಗೆ ಮುಗಿಯುತ್ತೆ, ಕಟ್ಟಿದ ಮನೆಯಾದ್ರೆ "ಕಟ್ಟಡಕ್ಕೆ ಏನು ಪೇಪರ್ ಬೇಕು" ಅಂತ ಬ್ಯಾಂಕಿನಿಂದಲೇ ಬರವಣಿಗೇಲಿ ತಗೊಂಡು ಮುಂದುವರೀರಿ.

"ಬಿ ಖಾತಾಗೂ ಲೋನ್ ಕೊಡಿಸ್ತೀನಿ" ಅಂತ ಏಜೆಂಟ್‌ಗಳು ಬರ್ತಾರೆ, ಸುಳ್ಳಲ್ಲ, ಕೆಲವು ಫೈನಾನ್ಸ್ ಕಂಪನಿಗಳು ಕೊಡ್ತವೆ. ಬಡ್ಡಿ ಜಾಸ್ತಿ, ಮನೆ ಬೆಲೇಲಿ ಕೊಡೋ ಪಾಲು ಕಮ್ಮಿ. ಭಾಮೈದನ 50 ಲಕ್ಷಕ್ಕೇ ಲೆಕ್ಕ ಹಾಕಿ ತೋರಿಸ್ದೆ. 20 ವರ್ಷಕ್ಕೆ 8.5% ಬಡ್ಡಿ ಆದ್ರೆ ತಿಂಗಳ ಕಂತು ಸುಮಾರು 43,400. ಅದೇ 11.5% ಆದ್ರೆ ಸುಮಾರು 53,300. ತಿಂಗಳಿಗೆ ಹತ್ತಿರ ಹತ್ತಿರ ಹತ್ತು ಸಾವಿರ ಹೆಚ್ಚು, ಪೂರ್ತಿ ಅವಧಿಗೆ 23 ಲಕ್ಷದ ಮೇಲೆ. ಬ್ರೋಕರ್ ಹೇಳಿದ್ದ, "ಎ ಖಾತಾ ಆಗಿದ್ರೆ ಇದೇ ಮನೆ 85 ಆಗ್ತಿತ್ತು ಸಾರ್, 13 ಲಕ್ಷ ಉಳೀತು ನಿಮಗೆ." ಉಳಿದದ್ದು ಎಲ್ಲಿಗೆ ಹೋಗುತ್ತೆ ನೋಡಿ. ಮುಂದೆ ಎ ಖಾತಾ ಆದ್ಮೇಲೆ ಬ್ಯಾಂಕಿಗೆ ಸಾಲ ವರ್ಗಾಯಿಸ್ಕೋಬಹುದು ಅಂತಾನೂ ಅಂತಾರೆ, ಆಗೋದಾದ್ರೆ ಒಳ್ಳೇದೇ, ಆದ್ರೆ ಆಗಲೂ ಹೊಸ ಬ್ಯಾಂಕಿನ ವಕೀಲರು ಮೊದಲಿಂದ ಎಲ್ಲ ಪೇಪರ್ ಕೇಳ್ತಾರೆ.

ಭಾಮೈದನ ಕಥೆ ಏನಾಯ್ತು ಅಂದ್ರೆ, ಮಾರೋರ ಜೊತೆ ಕೂತು ಮಾತಾಡಿದ್ವಿ. ಯಜಮಾನರು ವಯಸ್ಸಾದೋರು, "ನಾನು 20 ವರ್ಷದಿಂದ ಕಂದಾಯ ಕಟ್ತಿದ್ದೀನಿ, ಇದು ಸರಿ ಇಲ್ಲ ಅಂತ ಒಬ್ಬರೂ ಹೇಳಿರ್ಲಿಲ್ಲ ಕಣಪ್ಪ" ಅಂದ್ರು, ನನಗೆ ಅವರ ಮೇಲೆ ಸಿಟ್ಟು ಬರ್ಲಿಲ್ಲ. ಬ್ಯಾಂಕಿನ ವಕೀಲರ ರಿಪೋರ್ಟ್ ಪ್ರತಿ ಅವರ ಮುಂದೆ ಇಟ್ವಿ. ಅಗ್ರಿಮೆಂಟ್ ಪ್ರಕಾರ ಮುಟ್ಟುಗೋಲು ಹಾಕ್ಕೊಳ್ಳೋಕೆ ಅವರಿಗೆ ಅವಕಾಶ ಇತ್ತು, ಮಗ ಹಾಗೇ ಅಂತಿದ್ದ, ಕೊನೆಗೆ ಯಜಮಾನರೇ ನಾಲ್ಕೂವರೆ ಲಕ್ಷ ಎರಡು ಕಂತಲ್ಲಿ ವಾಪಸ್ ಕೊಟ್ರು. 50 ಸಾವಿರ ಬ್ರೋಕರ್ ಹತ್ರ ಇತ್ತು, ಅದು ಬರ್ಲಿಲ್ಲ.

ಈಗ ಅವನು ಇನ್ನೊಂದು ಕಡೆ ಸೈಟ್ ನೋಡ್ತಿದ್ದಾನೆ. ಮೊನ್ನೆ ಅಲ್ಲಿಂದಲೇ ಒಂದು ಪಿಡಿಎಫ್ ಕಳ್ಸಿದ್ದ, ತಲೆಬರಹಕ್ಕೆ ಕೆಂಪು ಸುತ್ತು ಹಾಕಿ, ಕೆಳಗೆ ಒಂದೇ ಪ್ರಶ್ನೆ: "ಭಾವ, ಎ ಅಂತಿದೆ, ಡಿಸಿ ಆದೇಶ ಕೇಳ್ದೆ, ನಾಳೆ ಕೊಡ್ತೀವಿ ಅಂತಿದ್ದಾರೆ, ಕಾಯ್ಲಾ?"